ಕೂದಲು ಉದುರುತ್ತೆ ಅಂತ ಇನ್ನೂ ಎರಡು ಬ್ರೆಜಿಲ್ ನಟ್ ಬೇಡ

ಥೈರಾಯ್ಡ್ ಇರುವವರು ಸೆಲೆನಿಯಂ ಎಂಬ ಖನಿಜದ ಬಗ್ಗೆ ಕೇಳಿದಾಗ ನಾನು ಮೊದಲು ಮಾತ್ರೆ ಡಬ್ಬಿ ತರಿಸಿ ನೋಡುತ್ತೇನೆ. ಆಮೇಲೆ ಕೇಳುತ್ತೇನೆ, ಬ್ರೆಜಿಲ್ ನಟ್ ತಿಂತೀರಾ? "ತಿಂತೀನಿ ಮೇಡಂ, ಆದ್ರೆ ಅದು ಊಟ ಅಲ್ವಾ, ಮಾತ್ರೆ ಅಲ್ವಲ್ಲ" ಅನ್ನುತ್ತಾರೆ. ಇದೊಂದು ಮಾತಿಗೆ ನನ್ನ ತಾಳ್ಮೆ ಹೋಗುತ್ತದೆ. ದೇಹಕ್ಕೆ ಎರಡೂ ಒಂದೇ ಲೆಕ್ಕ.

ದೊಡ್ಡವರಿಗೆ ದಿನಕ್ಕೆ ಬೇಕಿರುವುದು 40ರಿಂದ 55 ಮೈಕ್ರೋಗ್ರಾಂ. ಅಮೆರಿಕದವರು ಮೇಲಿನ ಮಿತಿ 400 ಅಂತ ಇಟ್ಟಿದ್ದಾರೆ, ಯುರೋಪಿನವರು 2023ರಲ್ಲಿ ತಮ್ಮ ಮಿತಿಯನ್ನು 255ಕ್ಕೆ ಇಳಿಸಿದರು. ವಿಟಮಿನ್ ಸಿ ಆದರೆ ಬೇಕಾದ್ದರ ಇಪ್ಪತ್ತು ಪಟ್ಟು ತಿಂದರೂ ಮಿತಿ ದಾಟುವುದಿಲ್ಲ, ಇಲ್ಲಿ ಯುರೋಪಿನ ಲೆಕ್ಕದಲ್ಲಿ ಐದಾರು ಪಟ್ಟಿಗೇ ಗೋಡೆ ಸಿಗುತ್ತದೆ.

ಒಂದು ಬ್ರೆಜಿಲ್ ನಟ್‌ನಲ್ಲೇ ಸುಮಾರು 70ರಿಂದ 90 ಇರುತ್ತದೆ. ಅದೂ ಅಂದಾಜು. ಮರ ಬೆಳೆದ ಮಣ್ಣಿನಲ್ಲಿ ಎಷ್ಟಿತ್ತೋ ಅಷ್ಟು, ಹಾಗಾಗಿ ಕೆಲವದರಲ್ಲಿ ತೀರಾ ಕಡಿಮೆ, ಕೆಲವದರಲ್ಲಿ ಇದಕ್ಕಿಂತ ತುಂಬಾ ಜಾಸ್ತಿ. ಮಾತ್ರೆ ಡಬ್ಬಿ ಮೇಲೆ ಅಂಕಿಯಾದರೂ ಬರೆದಿರುತ್ತಾರೆ.

ಹೋದ ವರ್ಷ ಒಬ್ಬರು ಬಂದಿದ್ದರು, ಬ್ಯಾಂಕ್ ಕೆಲಸ, ತುಂಬಾ ಅಚ್ಚುಕಟ್ಟಿನ ಹೆಣ್ಣುಮಗಳು. ಕೂದಲು ಉದುರುತ್ತದೆ ಅಂತ 200ರ ಮಾತ್ರೆ. ಮಲ್ಟಿವಿಟಮಿನ್‌ನಲ್ಲಿ ಇನ್ನೊಂದು 40. ಬೆಳಿಗ್ಗೆ ನೆನೆಸಿದ ಬಾದಾಮಿ ಜೊತೆ ಮೂರು ಬ್ರೆಜಿಲ್ ನಟ್. ಉದುರುವುದು ನಿಲ್ಲಲಿಲ್ಲ ಅಂತ ಮೂರನ್ನು ಐದು ಮಾಡಿಕೊಂಡಿದ್ದರು. ಒಂದು ನಟ್‌ಗೆ 80 ಹಿಡಿದರೂ 400 ಆಯಿತು, ಮಾತ್ರೆಗಳದು 240, ಒಟ್ಟು 640, ಊಟದ್ದು ಬೇರೆ.

ಸೆಲೆನಿಯಂ ಜಾಸ್ತಿಯಾದರೂ ಕೂದಲು ಉದುರುತ್ತದೆ! ಅವರು ಅದಕ್ಕೇ ಇನ್ನಷ್ಟು ತಿನ್ನುತ್ತಿದ್ದರು. ಕೈ ಚಾಚಿ ಅಂದೆ. ಉಗುರುಗಳ ಮೇಲೆ ಅಡ್ಡಡ್ಡ ಬಿಳಿ ಗೆರೆ, ತುದಿ ಪುಡಿಪುಡಿ. ಬಾಯಲ್ಲಿ ಲೋಹದ ರುಚಿ ಬರುತ್ತದೆ ಅಂದರು. ಮನೆಯಲ್ಲಿ ಬೆಳ್ಳುಳ್ಳಿ ಬಳಸುವುದೇ ಇಲ್ಲ, ಆದರೂ ಉಸಿರಿಗೆ ಬೆಳ್ಳುಳ್ಳಿ ವಾಸನೆ. ದೇಹ ಹೆಚ್ಚಾದ ಸೆಲೆನಿಯಂ ಅನ್ನು ಉಸಿರಿನಲ್ಲೂ ಹೊರಹಾಕುತ್ತದೆ, ಆ ವಾಸನೆ ಅದರದ್ದು.

ಇವೆಲ್ಲ ಬೇರೆ ಕಾರಣಕ್ಕೂ ಬರಬಹುದು, ಥೈರಾಯ್ಡ್‌ನಿಂದಲೇ ಕೂದಲು ಹೋಗುತ್ತದೆ, ಆದ್ದರಿಂದ ಸುಮ್ನೆ ಊಹೆ ಮಾಡದೆ ರಕ್ತದಲ್ಲಿ ಸೆಲೆನಿಯಂ ನೋಡಿಸಿದೆವು. ಜಾಸ್ತಿಯೇ ಇತ್ತು. ನಟ್ ಅವತ್ತೇ ನಿಂತಿತು. ಮಾತ್ರೆಯನ್ನು ಅವರ ಡಾಕ್ಟರನ್ನು ಕೇಳಿ ನಿಲ್ಲಿಸಿದೆವು. ನಿಮಗೂ ಡಾಕ್ಟರ್ ಬರೆದುಕೊಟ್ಟಿದ್ದರೆ ನೀವಾಗಿಯೇ ಬಿಡಬೇಡಿ, ಆದರೆ ನಟ್ ತಿನ್ನುವುದನ್ನು ಅವರಿಗೆ ಹೇಳಿ. ಮಾತ್ರೆ ಇಲ್ಲದವರಿಗೆ ದಿನಕ್ಕೆ ಒಂದು ಸಾಕು, ನಾನಂತೂ ದಿನ ಬಿಟ್ಟು ದಿನ ಅನ್ನುತ್ತೇನೆ.

ವಾಸನೆ ಬೇಗ ಹೋಯಿತು. ಉಗುರಿಗೆ ಟೈಮ್ ಬೇಕು. ಆ ಬಿಳಿ ಗೆರೆ ತಿಂಗಳು ತಿಂಗಳು ಮೇಲೇರಿ ಐದನೇ ತಿಂಗಳಿಗೆ ತುದಿಗೆ ಬಂತು. ಕತ್ತರಿಸಿ ಬಿಸಾಕಿದೆ ಮೇಡಂ ಅಂತ ಕೈಯ ಫೋಟೋ ಕಳಿಸಿದ್ದರು.