ಫಲದ ಆಸೆ ಬೇಡ ಅಂದ್ರೆ ರಿಸಲ್ಟ್ ನೋಡಬಾರದು ಅಂತಾನಾ?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಫಲ ಬಯಸದೆ ಕರ್ಮ ಮಾಡು ಅಂತ ಗೀತೆ ಹೇಳುತ್ತದೆ. ನಮ್ಮ ಶಾಲೆಯಲ್ಲಿ ಜೂನ್ ತಿಂಗಳಿಂದಲೇ ಎಸ್ಸೆಸ್ಸೆಲ್ಸಿ ರಿಸಲ್ಟಿನದೇ ಮಾತು. ರಿಸಲ್ಟ್ ಬಗ್ಗೆ ತಲೆ ಕೆಡಿಸಿಕೊಳ್ಳದೆ ಪಾಠ ಮಾಡಿದರೆ ಅದು ನಿಷ್ಕಾಮ ಕರ್ಮವೋ, ಬೇಜವಾಬ್ದಾರಿಯೋ? ಸಂಬಳ, ಬಡ್ತಿ ಕೇಳುವುದೂ ತಪ್ಪಾ ಸರ್?

ಉತ್ತರ: ಈ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇರುತ್ತದೆ. ಸಾಫ್ಟ್‌ವೇರಿನವರು ಅಪ್ರೈಸಲ್ ಹೆಸರಲ್ಲಿ ಕೇಳುತ್ತಾರೆ, ಅಂಗಡಿಯವರು ಲಾಭದ ಹೆಸರಲ್ಲಿ ಕೇಳುತ್ತಾರೆ. ಚಿಕ್ಕ ಉತ್ತರ ಹೀಗಿದೆ: ರಿಸಲ್ಟ್ ಬಗ್ಗೆ ಯೋಚಿಸಲೇಬೇಕು, ಸಂಬಳ ಧಾರಾಳವಾಗಿ ಕೇಳಬಹುದು. ಇಲ್ಲಿಗೇ ನಿಲ್ಲಿಸಿದರೆ ಮುಂದಿನ ವಾರ ಇದೇ ಪ್ರಶ್ನೆ ಮತ್ತೆ ಬರುತ್ತದೆ ಅಂತ ಗೊತ್ತು. ಯಾಕೆಂದರೆ ಇದರ ಬುಡದಲ್ಲಿ ಒಂದು ತಪ್ಪು ತಿಳುವಳಿಕೆ ಗಟ್ಟಿಯಾಗಿ ಕೂತಿದೆ. ಫಲದ ಆಸೆ ಬೇಡ ಅಂದರೆ ಫಲದ ಯೋಚನೆಯೇ ಬೇಡ ಅಂತ ಎಲ್ಲರೂ ಅಂದುಕೊಂಡುಬಿಟ್ಟಿದ್ದಾರೆ.

'ಕರ್ಮಣ್ಯೇವಾಧಿಕಾರಸ್ತೇ' ಎರಡನೇ ಅಧ್ಯಾಯದ 47ನೇ ಶ್ಲೋಕ. ಇದಕ್ಕೆ ನಾಲ್ಕು ಪಾದ. ಕ್ಯಾಲೆಂಡರಿನಲ್ಲಿ, ಭಾಷಣದಲ್ಲಿ ಮೊದಲ ಎರಡು ಪಾದಕ್ಕೇ ಬಂಡಿ ನಿಂತುಬಿಡುತ್ತದೆ: ಕೆಲಸ ನಿನ್ನ ಕೈಯಲ್ಲಿದೆ, ಫಲ ನಿನ್ನ ಕೈಯಲ್ಲಿಲ್ಲ. ಮೂರನೆಯದು, ಫಲಕ್ಕಾಗಿಯೇ ಕೆಲಸ ಮಾಡುವವನಾಗಬೇಡ ಅನ್ನುತ್ತದೆ. ನಾಲ್ಕನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 'ಮಾ ತೇ ಸಂಗೋಸ್ತ್ವಕರ್ಮಣಿ.' ಕೆಲಸ ಮಾಡದೆ ಇರುವುದಕ್ಕೂ ಅಂಟಿಕೊಳ್ಳಬೇಡ ಅಂತ. ಈ ಮಾತು ಯಾರಿಗೆ ಹೇಳಿದ್ದು ನೋಡಿ. ಬಿಲ್ಲು ಕೆಳಗಿಟ್ಟು ರಥದಲ್ಲಿ ಕುಸಿದು ಕೂತವನಿಗೆ. ಗೆದ್ದರೆ ಏನು ಸುಖ, ಕೊಂದರೆ ಎಷ್ಟು ಪಾಪ ಅಂತ ಲೆಕ್ಕ ಹಾಕಿ ಹಾಕಿ ಕೈಕಾಲು ತಣ್ಣಗಾದವನಿಗೆ. ಅವನನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚಲು ಹೇಳಿದ ಶ್ಲೋಕವನ್ನು ನಾವು ಕೆಲಸ ಸಡಿಲ ಬಿಡಲು ಬಳಸುತ್ತಿದ್ದೇವೆ.

ಇಷ್ಟಕ್ಕೂ ಒಪ್ಪದವರಿಗೆ ನಾನು ಹದಿನೆಂಟನೇ ಅಧ್ಯಾಯ ತೆಗೆಸುತ್ತೇನೆ. ಅಲ್ಲಿ ಕೆಲಸವನ್ನು ಸಾತ್ತ್ವಿಕ, ರಾಜಸ, ತಾಮಸ ಅಂತ ವಿಂಗಡಿಸಿದೆ. 25ನೇ ಶ್ಲೋಕದಲ್ಲಿ ತಾಮಸ ಕೆಲಸ ಯಾವುದು ಅಂತ ಬಿಡಿಸಿ ಹೇಳಿದೆ. ಮುಂದೇನಾಗುತ್ತದೆ, ಎಷ್ಟು ನಷ್ಟ, ಯಾರಿಗೆ ನೋವು, ನನಗೆ ಇದು ಸಾಧ್ಯವಾ ಅನ್ನುವುದನ್ನು ನೋಡದೆ, ಮಂಕು ಕವಿದು ಶುರು ಮಾಡಿದ ಕೆಲಸ ತಾಮಸ. ಅಂದರೆ ನಮ್ಮ ಜನ ಯಾವುದನ್ನು ನಿಷ್ಕಾಮ ಕರ್ಮ ಅಂತ ತಿಳಿದಿದ್ದಾರೋ, ಗೀತೆ ಅದನ್ನು ತೀರಾ ಕೆಳಗಿನ ಮೆಟ್ಟಿಲಲ್ಲಿ ಕೂರಿಸಿದೆ! 'ನಾನು ಪಾಠ ಮಾಡಿದೆ, ಅವರು ಕಲಿತರೆ ಕಲಿತರು, ಬಿಟ್ಟರೆ ಬಿಟ್ಟರು' ಅನ್ನುವ ಮೇಷ್ಟ್ರು ಸ್ಥಿತಪ್ರಜ್ಞ ಅಲ್ಲ ಸ್ವಾಮಿ, ತಾಮಸ. ಕಷ್ಟ ಅಂತ, ಮೈಗೆ ಆಯಾಸ ಅಂತ ಕೆಲಸ ಬಿಟ್ಟವನಿಗೆ ತ್ಯಾಗದ ಫಲವೂ ಸಿಗುವುದಿಲ್ಲ ಅಂತ ಅದೇ ಅಧ್ಯಾಯದ 8ನೇ ಶ್ಲೋಕ ಹೇಳಿಯೇ ಇದೆ.

ಇದು ನನ್ನ ಸ್ವಂತ ವ್ಯಾಖ್ಯಾನ ಅಂತ ತಳ್ಳಿಹಾಕಬೇಡಿ. ಗಾಂಧೀಜಿ ಗೀತೆಯನ್ನು ಗುಜರಾತಿಗೆ ತಂದಾಗ ಮುನ್ನುಡಿಯಲ್ಲಿ ಇದನ್ನೇ ಎಚ್ಚರಿಸಿದ್ದರು. ಫಲ ಬಿಡುವುದು ಅಂದರೆ ಫಲದ ಬಗ್ಗೆ ಅಸಡ್ಡೆ ಅಲ್ಲ. ಯಾವ ಕೆಲಸದಿಂದ ಏನಾಗಬೇಕು, ಅದಕ್ಕೆ ದಾರಿ ಯಾವುದು, ನನಗೆ ಅಷ್ಟು ಶಕ್ತಿ ಇದೆಯಾ ಅನ್ನುವುದು ತಿಳಿದಿರಲೇಬೇಕು ಅನ್ನುವುದು ಅವರ ಮಾತಿನ ಸಾರ. ಕೃಷ್ಣನೂ ಹನ್ನೊಂದನೇ ಅಧ್ಯಾಯದಲ್ಲಿ 'ಏಳು, ಯಶಸ್ಸು ಪಡೆ, ಶತ್ರುಗಳನ್ನು ಗೆದ್ದು ರಾಜ್ಯ ಅನುಭವಿಸು' ಅಂತಲೇ ಹೇಳುತ್ತಾನೆ. ಗುರಿಯೇ ಬೇಡ ಅನ್ನುವವನು ಹೀಗೆ ಹೇಳುತ್ತಿದ್ದನಾ?

ಹಾಗಾದರೆ ಬೇಡ ಅಂದದ್ದು ಏನನ್ನ? ಇಲ್ಲಿ ನಿಮ್ಮ ತರಗತಿಗೇ ಬರೋಣ. ಹತ್ತನೇ ತರಗತಿಯಲ್ಲಿ ಎರಡು ಸಮೀಕರಣಗಳನ್ನು ನಕ್ಷೆ ಎಳೆದು ಬಿಡಿಸುವ ಲೆಕ್ಕ ಇದೆಯಲ್ಲ, ಅದನ್ನೇ ತಗೊಳ್ಳಿ. x + y = 5, 2x − y = 4. ಎರಡು ಗೆರೆಗಳು (3, 2)ರಲ್ಲಿ ಸೇರುತ್ತವೆ. ಈಗ ಒಬ್ಬ ಹುಡುಗ ಎರಡನೇ ಸಮೀಕರಣದ ಕೋಷ್ಟಕ ಬರೆಯುತ್ತಾನೆ. x = 0 ಇಟ್ಟಾಗ y = −4 ಬರಬೇಕು. ಅವನು ಚಿಹ್ನೆ ಮರೆತು 4 ಬರೆದಿದ್ದಾನೆ. x = 2 ಇಟ್ಟಾಗ y = 0, ಅದು ಸರಿ ಇದೆ. ಈ ಎರಡು ಬಿಂದು ಸೇರಿಸಿದರೆ ಗೆರೆ ಏರುವ ಬದಲು ಇಳಿಯುತ್ತದೆ. ಮೊದಲ ಗೆರೆಯನ್ನು ಅದು ಮುಟ್ಟುವುದು (−1, 6)ರಲ್ಲಿ, ನಕ್ಷೆಯ ಎಡಗಡೆ ಮೇಲೆ. ಆದರೂ ಕೆಳಗೆ ಚೌಕ ಹಾಕಿ 'x = 3, y = 2' ಅಂತ ಬರೆದಿದ್ದಾನೆ. ಗೆರೆ ಒಂದು ಕಡೆ, ಉತ್ತರ ಇನ್ನೊಂದು ಕಡೆ. ಉತ್ತರ ಪಕ್ಕದವನ ಪುಸ್ತಕದಿಂದ ಬಂದಿದೆ, ಅಥವಾ ಹಳೇ ಪ್ರಶ್ನೆಪತ್ರಿಕೆಯಿಂದ ಬಾಯಿಪಾಠವಾಗಿದೆ.

ಫಲಕ್ಕೆ ಅಂಟಿಕೊಂಡರೆ ಏನಾಗುತ್ತದೆ ಅನ್ನುವುದು ಈ ಪುಟದಲ್ಲೇ ಇದೆ. ಕಣ್ಣು ಕೊನೆಯ ಸಾಲಿನ ಮೇಲಿದ್ದರೆ ಮೈನಸ್ ಚಿಹ್ನೆಯ ಮೇಲೆ ಇರುವುದಿಲ್ಲ. ಈಗ ಮೇಷ್ಟ್ರ ಸರದಿ. ಶೇಕಡಾವಾರು ಪಟ್ಟಿಯೇ ತಲೆಯಲ್ಲಿರುವ ಮೇಷ್ಟ್ರು ಏನು ಮಾಡುತ್ತಾರೆ? ಉತ್ತರಕ್ಕೆ ರೈಟ್ ಹಾಕಿ ಮುಂದಿನ ಪುಸ್ತಕ ತೆಗೆಯುತ್ತಾರೆ. ಪಾಸಿಂಗ್ ಪ್ಯಾಕೇಜ್ ಅಂತ ಹಂಚಿದ ಲೆಕ್ಕಗಳನ್ನೇ ಮತ್ತೆ ಮತ್ತೆ ಬರೆಸುತ್ತಾರೆ. ಹೇಗಿದ್ದರೂ ಪಾಸಾಗುವವರನ್ನು, ಹೇಗಿದ್ದರೂ ಆಗದವರನ್ನು ಬಿಟ್ಟು ಗೆರೆಯ ಹತ್ತಿರ ಇರುವವರ ಹಿಂದೆ ಮಾತ್ರ ಬೀಳುತ್ತಾರೆ. ಇದು ಸಾಲದೆ ಬಂದರೆ ಪರೀಕ್ಷಾ ಕೊಠಡಿಯಲ್ಲಿ ಕಣ್ಣು ಮುಚ್ಚಿಕೊಳ್ಳುವ ಯೋಚನೆಯೂ ಬರುತ್ತದೆ. ಇನ್ನೊಂದು ಬಗೆಯ ಮೇಷ್ಟ್ರು ಉತ್ತರದ ಕಡೆ ನೋಡುವ ಮುಂಚೆ ಕೋಷ್ಟಕ ನೋಡುತ್ತಾರೆ. ಮೈನಸ್ ಹೋದ ಕಡೆ ಸುತ್ತು ಹಾಕುತ್ತಾರೆ. ಆ ಹುಡುಗನನ್ನು ಬೋರ್ಡಿಗೆ ಕರೆದು '0 − y = 4 ಅಂದ್ರೆ y ಎಷ್ಟಪ್ಪಾ?' ಅಂತ ಅವನ ಬಾಯಿಂದಲೇ ಹೇಳಿಸುತ್ತಾರೆ. ಇಬ್ಬರೂ ಮಕ್ಕಳು ಪಾಸಾಗಲಿ ಅಂತಲೇ ಬಯಸುವವರು. ಎರಡನೆಯವರು ಆ ಬಯಕೆಯನ್ನು ಸೋಮವಾರದ ಮೂರನೇ ಪೀರಿಯಡ್ಡಿನ ಮೇಲೆ ಹತ್ತಿ ಕೂರಲು ಬಿಟ್ಟಿಲ್ಲ, ಅಷ್ಟೇ ವ್ಯತ್ಯಾಸ.

ಮಗುವಿಗೆ ಲೆಕ್ಕ ಬರಬೇಕು ಅನ್ನುವುದು ಕೆಲಸದ ಗುರಿ. ಅದಿಲ್ಲದೆ ಪಾಠವೇ ಇಲ್ಲ. ನನಗೆ ಹೆಸರು ಬರಬೇಕು, ಪಕ್ಕದ ಶಾಲೆಗಿಂತ ನಾವು ಮೇಲಿರಬೇಕು ಅನ್ನುವುದು ಆ ಗುರಿಗೆ ಅಂಟಿಕೊಂಡು ಬರುವ ನನ್ನ ಪಾಲು. ಸಡಿಲ ಬಿಡಬೇಕಾದ್ದು ಮುಖ್ಯವಾಗಿ ಈ ಎರಡನೆಯದನ್ನ. ಮೊದಲನೆಯದರಲ್ಲೂ ಗ್ಯಾರಂಟಿ ಕೇಳುವ ಹಾಗಿಲ್ಲ. ಯಾವ ಕೆಲಸ ಆಗಬೇಕಾದರೂ ಐದು ಕಾರಣ ಕೂಡಿ ಬರಬೇಕು ಅಂತ ಹದಿನೆಂಟನೇ ಅಧ್ಯಾಯ ಹೇಳುತ್ತದೆ: ನೆಲೆ, ಮಾಡುವವನು, ಸಾಧನಗಳು, ಬಗೆಬಗೆಯ ಪ್ರಯತ್ನ, ಕೊನೆಗೆ ದೈವ. ನೀವು ಎಷ್ಟೇ ಚೆನ್ನಾಗಿ ಹೇಳಿಕೊಟ್ಟಿರಿ, ಪರೀಕ್ಷೆಯ ದಿನ ಹುಡುಗನಿಗೆ ಜ್ವರ ಬಂದರೆ ಅದು ಐದನೆಯದು. ಅದಕ್ಕೆ ನೀವು ಹೊಣೆ ಅಲ್ಲ. ಮೈನಸ್ ಚಿಹ್ನೆಗೆ ಹೊಣೆ.

ನಾನು ಯಾವ ಕಡೆ ಇದ್ದೇನೆ ಅಂತ ತಿಳಿಯುವುದು ಹೇಗೆ? ರಿಸಲ್ಟ್ ಕಡಿಮೆ ಬಂದ ದಿನ ಮನಸ್ಸಿಗೆ ಮೊದಲು ಬರುವ ಮಾತನ್ನು ಗಮನಿಸಿ. 'ಯಾವ ಪಾಠದಲ್ಲಿ ಎಡವಿದರು?' ಅನ್ನಿಸಿದರೆ ಸರಿ ದಾರಿ. 'ಹೆಚ್ಚೆಮ್ ಏನಂತಾರೆ?' ಅಂತ ಬಂದರೆ ಫಲ ಹಿಡಿದುಕೊಂಡಿದೆ. ಎರಡೂ ಬಂದರೆ ನೀವು ನಮ್ಮ ಹಾಗೇ ಸಾಮಾನ್ಯ ಮನುಷ್ಯರು. ಬೇಜಾರಾಗುವುದು ತಪ್ಪಲ್ಲ, ಬೇಜಾರಿನಲ್ಲಿ ಮಾರನೇ ದಿನದ ಪಾಠ ಕೆಡಬಾರದು. ಎದುರುಗಡೆಯ ಪರೀಕ್ಷೆಯೂ ಇದೆ. ಸಾತ್ತ್ವಿಕ ಕರ್ತೃವಿಗೆ ಧೃತಿಯ ಜೊತೆ ಉತ್ಸಾಹವೂ ಇರಬೇಕು ಅಂತ ಹದಿನೆಂಟನೇ ಅಧ್ಯಾಯದ 26ನೇ ಶ್ಲೋಕ ಹೇಳುತ್ತದೆ. ಫಲದ ಆಸೆ ಬಿಟ್ಟೆ ಅಂದಮೇಲೆ ನಿಮ್ಮ ಉತ್ಸಾಹವೂ ಹೋಗಿದ್ದರೆ, ಹೋದದ್ದು ಆಸೆಯಲ್ಲ, ಕೆಲಸದ ಮೇಲಿನ ಪ್ರೀತಿ. ಅದಕ್ಕೆ ಮದ್ದು ಬೇರೆ.

ಸಂಬಳದ ವಿಷಯ ಬೇಗ ಮುಗಿಸುತ್ತೇನೆ. ಕೆಲಸ ಮಾಡದಿದ್ದರೆ ಹೊಟ್ಟೆಪಾಡೂ ನಡೆಯದು ಅಂತ ಮೂರನೇ ಅಧ್ಯಾಯದಲ್ಲೇ ಇದೆ. ಸಂಬಳ ಮಾತಾಡಿಕೊಂಡು ಬಂದ ಬಾಕಿ, ಕೇಳಿ ಪಡೆಯುವಂಥದ್ದು. ಯುದ್ಧಕ್ಕೆ ಮುಂಚೆ ಪಾಂಡವರ ಪಾಲು ಕೇಳಲು ಹಸ್ತಿನಾಪುರಕ್ಕೆ ಹೋದವನು ಸಾಕ್ಷಾತ್ ಕೃಷ್ಣನೇ. ಅರ್ಧ ರಾಜ್ಯ ಇಲ್ಲದಿದ್ದರೆ ಐದು ಹಳ್ಳಿಯಾದರೂ ಸಾಕು ಅನ್ನುವವರೆಗೆ ಆ ಚೌಕಾಸಿ ಇಳಿದಿತ್ತು. 'ಫಲಾಪೇಕ್ಷೆ ಬೇಡಪ್ಪಾ' ಅಂತ ಪಾಂಡವರನ್ನು ಅವನು ಸುಮ್ಮನಾಗಿಸಲಿಲ್ಲ. ಹಾಗಾಗಿ ಇನ್‌ಕ್ರಿಮೆಂಟ್ ಕೇಳಿದಾಗ ಯಾವ ಆಡಳಿತ ಮಂಡಳಿಯವರಾದರೂ ಈ ಶ್ಲೋಕ ಹೇಳಿದರೆ, ಅದನ್ನು ಹೇಳಿದವನು ರಥ ಹೊಡೆಯುತ್ತಿದ್ದ, ಸಂಬಳ ಬಟವಾಡೆ ಮಾಡುತ್ತಿರಲಿಲ್ಲ ಅಂತ ನೆನಪಿಸಿ. ನಗುತ್ತಲೇ ನೆನಪಿಸಿ.

ನೀವು ಕೇಳದ ಒಂದು ಪ್ರಶ್ನೆ ಇದೆ. ಎಲ್ಲರೂ ಕೇಳುವುದು ಫಲ ಕಡಿಮೆ ಬಂದರೆ ಏನು ಮಾಡಲಿ ಅಂತ. ಜಾಸ್ತಿ ಬಂದರೆ? ಇದಕ್ಕೆ ಉತ್ತರ ನಮ್ಮ ಕಲ್ಯಾಣದಲ್ಲೇ ಸಿಗುತ್ತದೆ, ಹನ್ನೆರಡನೇ ಶತಮಾನದಲ್ಲಿ. ಆಯ್ದಕ್ಕಿ ಮಾರಯ್ಯನ ಕಾಯಕ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು. ಅದರಿಂದಲೇ ಮನೆ, ಅದರಿಂದಲೇ ದಾಸೋಹ. ಒಂದು ದಿನ ಮಾಮೂಲಿಗಿಂತ ಜಾಸ್ತಿ ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಖುಷಿಪಡಲಿಲ್ಲ. 'ಈಸಕ್ಕಿಯಾಸೆ ನಿಮಗೇಕೆ?' ಅಂತ ಕೇಳಿ, ಹೆಚ್ಚಿನದನ್ನು ವಾಪಸ್ ಸುರಿದು ಬರಲು ಕಳಿಸಿದಳು. ಅಕ್ಕಿ ತರುವುದಕ್ಕೆ ಅವಳ ತಕರಾರಿಲ್ಲ. ತಕರಾರಿದ್ದದ್ದು ದುಡಿಮೆಗೆ ಮೀರಿ ಬಂದ ಭಾಗಕ್ಕೆ.

ಇದನ್ನು ನಿಮ್ಮ ಶಾಲೆಗೆ ತಂದರೆ ನೇರವಾಗಿ ಆಂತರಿಕ ಮೌಲ್ಯಮಾಪನದ 20 ಅಂಕಕ್ಕೆ ಬಂದು ನಿಲ್ಲುತ್ತದೆ. ರೂಪಣಾತ್ಮಕ ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ಅರ್ಧವೂ ಬರೆಯದ ಹುಡುಗನ ಹೆಸರಿನ ಮುಂದೆ 19 ಅಂತ ಬರೆಯುತ್ತೀರಲ್ಲ, ಲಕ್ಕಮ್ಮ ಇದ್ದಿದ್ದರೆ ಆ ರಿಜಿಸ್ಟರನ್ನು ಹಿಡಿದು ವಾಪಸ್ ಕಳಿಸುತ್ತಿದ್ದಳು. ಮುಂದಿನ ಸಲ ಅಂಕ ತುಂಬುವಾಗ ಮೊದಲು ಆ ಪುಸ್ತಕದ ಕೋಷ್ಟಕ ತೆಗೆದು ನೋಡಿ, ಆಮೇಲೆ ಪೆನ್ನು ತೆಗೆಯಿರಿ.