ಹೆಲ್ಪ್ ಡೆಸ್ಕ್‌ನಲ್ಲಿದ್ದವರಿಗೆ ಐಟಿಐಎಲ್ ಫೌಂಡೇಶನ್‌ನಿಂದ ಏನು ಸಿಗುತ್ತದೆ?

ಪ್ರಶ್ನೆ: ಬೆಂಗಳೂರಿನಲ್ಲಿ ಎರಡು ವರ್ಷದಿಂದ ಎಲ್1 ಸಪೋರ್ಟ್ ಮಾಡುತ್ತಿದ್ದೇನೆ. ಐಟಿಐಎಲ್ 4 ಫೌಂಡೇಶನ್ ಮಾಡಿದರೆ ಮುಂದಿನ ಕೆಲಸಕ್ಕೆ ಅನುಕೂಲವಾಗುತ್ತದೆಯೇ?

ಉತ್ತರ: ಆಗುತ್ತದೆ. ಆದರೆ ಇದು ಐಟಿ ಸೇವೆಗಳನ್ನು ನಿರ್ವಹಿಸುವ ಕ್ರಮದ ಮೊದಲ ಹಂತದ ಪ್ರಮಾಣಪತ್ರ, ಇದರಿಂದ ತಾಂತ್ರಿಕ ಜ್ಞಾನ ಹೆಚ್ಚುತ್ತದೆ ಅಂದುಕೊಳ್ಳಬೇಡಿ. ನೆಟ್‌ವರ್ಕ್ ಕಡೆ ಹೋಗುವ ಆಸೆಯಿದ್ದರೆ ಆ ಹಣವನ್ನು ನೆಟ್‌ವರ್ಕಿಂಗ್ ಕೋರ್ಸಿಗೆ ಹಾಕಿ. ಇಲ್ಲಿ ಕಲಿಯುವುದು ನಿಮ್ಮ ಕೈಗೆ ಬರುವ ಟಿಕೆಟನ್ನು ನೋಡುವ ರೀತಿಯನ್ನು.

ಒಂದು ಉದಾಹರಣೆ ನೋಡಿ. ಪಾಸ್‌ವರ್ಡ್ ಬದಲಿಸಿದ ಮರುದಿನವೇ ಒಬ್ಬರ ಅಕೌಂಟ್ ಲಾಕ್ ಆಗುತ್ತದೆ. ನೀವು ಅನ್‌ಲಾಕ್ ಮಾಡುತ್ತೀರಿ, ಅರ್ಧ ಗಂಟೆಯಲ್ಲಿ ಮತ್ತೆ ಲಾಕ್. ಅವರು ಮತ್ತೆ ಕೆಲಸ ಮಾಡುವಂತೆ ಮಾಡುವುದು ಇನ್ಸಿಡೆಂಟ್ ಮ್ಯಾನೇಜ್‌ಮೆಂಟ್. ಹೆಚ್ಚಿನವರು ಟಿಕೆಟ್ ಕ್ಲೋಸ್ ಮಾಡಿ ಅಲ್ಲಿಗೇ ಬಿಡುತ್ತಾರೆ. ಆದರೆ ಪ್ರತಿ ತಿಂಗಳೂ ಇಂಥದೇ ಹತ್ತಾರು ಟಿಕೆಟ್ ಬರುತ್ತಿದ್ದರೆ ಅವುಗಳ ಹಿಂದಿನ ಕಾರಣವನ್ನು ಐಟಿಐಎಲ್ ಪ್ರಾಬ್ಲಮ್ ಎನ್ನುತ್ತದೆ. ಕಾರಣ ಹುಡುಕುವ ಕೆಲಸ ಬೇರೆಯೇ. ಡೊಮೇನ್ ಕಂಟ್ರೋಲರ್‌ನ ಲಾಗ್‌ನಲ್ಲಿ Event ID 4740 ತೆರೆದರೆ ಲಾಕ್ ಎಲ್ಲಿಂದ ಆಯಿತೆಂದು ಕಾಣುತ್ತದೆ. ಅಲ್ಲಿ ಬಳಕೆದಾರರ ಲ್ಯಾಪ್‌ಟಾಪ್ ಬದಲು ವೈ-ಫೈ ಲಾಗಿನ್ ಪರಿಶೀಲಿಸುವ ಸರ್ವರ್ ಹೆಸರಿದ್ದರೆ, ಅವರ ಫೋನಿನಲ್ಲಿ ಹಳೆ ಪಾಸ್‌ವರ್ಡ್ ಉಳಿದುಕೊಂಡು ಆಫೀಸ್ ವೈ-ಫೈಗೆ ಪದೇ ಪದೇ ಪ್ರಯತ್ನಿಸುತ್ತಿರುವ ಸಾಧ್ಯತೆ ಹೆಚ್ಚು. ಫೋನಿನಲ್ಲಿ ಆ ನೆಟ್‌ವರ್ಕನ್ನು ಅಳಿಸಿ ಮತ್ತೆ ಸೇರಿಸುವುದು ವರ್ಕ್‌ಅರೌಂಡ್. ಕಾರಣವನ್ನೂ ಇದನ್ನೂ ಬರೆದಿಟ್ಟರೆ ಅದು ನೋನ್ ಎರರ್, ರಾತ್ರಿ ಪಾಳಿಯವರಿಗೂ ದಾರಿ ಸಿಕ್ಕಿತು. ವೈ-ಫೈಯನ್ನು ಪಾಸ್‌ವರ್ಡ್ ಬದಲು ಸರ್ಟಿಫಿಕೇಟ್ ಆಧಾರದ ಲಾಗಿನ್‌ಗೆ ತರುವುದು ಶಾಶ್ವತ ಪರಿಹಾರ. ಅದಕ್ಕೆ ಚೇಂಜ್ ರಿಕ್ವೆಸ್ಟ್ ಹಾಕಿ, ಒಪ್ಪಿಗೆ ಪಡೆಯಬೇಕು.

ಎಲ್1ನಿಂದ ಮೇಲೇರುವ ದಾರಿ ಇಲ್ಲೇ ಇದೆ. ಇನ್ಸಿಡೆಂಟ್ ಮ್ಯಾನೇಜರ್, ಪ್ರಾಬ್ಲಮ್ ಅನಲಿಸ್ಟ್, ಚೇಂಜ್ ಕೋಆರ್ಡಿನೇಟರ್ ಹುದ್ದೆಗಳ ಜಾಹೀರಾತಿನಲ್ಲಿ ಐಟಿಐಎಲ್ ಕೇಳುವುದು ಸಾಮಾನ್ಯ. ಅದಿಲ್ಲದೆ ರೆಸ್ಯೂಮೆ ಮೊದಲ ಜರಡಿಯಲ್ಲೇ ಉಳಿದುಬಿಡಬಹುದು. ಇಂಟರ್‌ವ್ಯೂನಲ್ಲಿ ಮಾತ್ರ ವ್ಯಾಖ್ಯಾನ ಒಪ್ಪಿಸಿದರೆ ಸಾಲದು. ನಿಮ್ಮದೇ ಡೆಸ್ಕಿನ ಇಂಥ ಒಂದು ಪ್ರಕರಣವನ್ನು, ಟಿಕೆಟ್ ಎಷ್ಟಿತ್ತು, ಎಷ್ಟಕ್ಕೆ ಇಳಿಯಿತು ಎನ್ನುವುದರ ಸಮೇತ ಹೇಳಬೇಕು. ಪ್ರಮಾಣಪತ್ರವಿದ್ದೂ ಇದನ್ನು ಹೇಳಲಾಗದವರು ಬಹಳ ಮಂದಿ ಇದ್ದಾರೆ.

ಪರೀಕ್ಷೆ ಕಷ್ಟವಲ್ಲ: 60 ನಿಮಿಷ, 40 ಬಹು ಆಯ್ಕೆ ಪ್ರಶ್ನೆ, ಪಾಸಾಗಲು 26 ಸರಿಯಿರಬೇಕು, ಪುಸ್ತಕ ನೋಡುವಂತಿಲ್ಲ. ಇನ್ಸಿಡೆಂಟ್ ಮತ್ತು ಸರ್ವಿಸ್ ರಿಕ್ವೆಸ್ಟ್ ನಡುವೆ ಎಡವುವವರು ಹೆಚ್ಚು. ಹೊಸ ಮೌಸ್ ಬೇಕು ಎಂದರೆ ರಿಕ್ವೆಸ್ಟ್, ಇದ್ದ ಮೌಸ್ ಕೆಟ್ಟಿತು ಎಂದರೆ ಇನ್ಸಿಡೆಂಟ್.

ಶುಲ್ಕ ಕಡಿಮೆಯಲ್ಲ, ಪ್ರಮಾಣಪತ್ರದ ಅವಧಿಯೂ 3 ವರ್ಷ ಮಾತ್ರ. ಹಾಗಾಗಿ ಕೈಯಿಂದ ಕಟ್ಟುವ ಮೊದಲು ಕಂಪನಿ ಭರಿಸುತ್ತದೆಯೇ ಎಂದು ಮ್ಯಾನೇಜರ್ ಹತ್ತಿರ ಕೇಳಿ. ಆರು ತಿಂಗಳೊಳಗೆ ಕೆಲಸ ಬದಲಿಸುವ ಯೋಚನೆಯೇ ಇಲ್ಲದಿದ್ದರೆ ಪರೀಕ್ಷೆಯನ್ನು ಮುಂದೂಡಿ, ಡೆಸ್ಕಿನಲ್ಲಿ ಮರುಕಳಿಸುವ ಟಿಕೆಟ್‌ಗಳ ಪಟ್ಟಿಯನ್ನು ಈಗಲೇ ಶುರು ಮಾಡಿ.