ತಿಂಗಳ ಕಂತು, ಮೂರು ತಿಂಗಳ ಚಕ್ರಬಡ್ಡಿ: 12ರಿಂದ ಭಾಗಿಸಿದರೆ ತಪ್ಪೇನು?

ಪ್ರಶ್ನೆ: "ಮೇಷ್ಟ್ರೇ, ಪೋಸ್ಟ್ ಆಫೀಸಿನಲ್ಲಿ ತಿಂಗಳಿಗೆ 1,000 ರೂಪಾಯಿ ಆರ್‌ಡಿ ಕಟ್ಟುತ್ತಿದ್ದೇನೆ. ಐದು ವರ್ಷ, 6.7% ಬಡ್ಡಿ. ದರವನ್ನು 12ರಿಂದ ಭಾಗಿಸಿ ಸೂತ್ರಕ್ಕೆ ಹಾಕಿದರೆ 71,436 ಬರುತ್ತದೆ. ಏಜೆಂಟ್ ಅಕ್ಕ ತೋರಿಸಿದ ಚಾರ್ಟಿನಲ್ಲಿ 71,366 ಅಂತ ಇದೆ. 70 ರೂಪಾಯಿ ಎಲ್ಲಿ ಹೋಯಿತು?"

ಎಲ್ಲೂ ಹೋಗಿಲ್ಲ. ಅದು ಇರಲೇ ಇಲ್ಲ. ಲೆಕ್ಕ ಹಾಕುವಾಗ ನೀವೇ ಸೇರಿಸಿಕೊಂಡಿದ್ದೀರಿ.

ಮಂಡ್ಯದಲ್ಲಿ ಬಿಕಾಂ ಹುಡುಗರಿಗೆ ಪಾಠ ಹೇಳುವ ನನಗೆ ಈ ಪ್ರಶ್ನೆ ವರ್ಷಕ್ಕೊಮ್ಮೆ ಬರುವ ಹಬ್ಬದ ಹಾಗೆ. ಹುಡುಗರು ಪರೀಕ್ಷೆಗೆ ಮುಂಚೆ ಕೇಳುತ್ತಾರೆ, ಅವರ ಅಪ್ಪಂದಿರು ಆರ್‌ಡಿ ಮುಗಿಯುವ ಹೊತ್ತಿಗೆ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಇಲ್ಲಿ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಸರಿಯಾದ ದಾರಿ ನೋಡೋಣ, ಅದು ಚಿಕ್ಕದು. ಈ ಆರ್‌ಡಿಯಲ್ಲಿ ಕಂತು ತಿಂಗಳಿಗೊಮ್ಮೆ, ಆದರೆ ಬಡ್ಡಿ ಅಸಲಿಗೆ ಸೇರುವುದು ಮೂರು ತಿಂಗಳಿಗೊಮ್ಮೆ. ಹೀಗೆ ಒಂದೇ ಮೊತ್ತವನ್ನು ಸಮ ಅಂತರದಲ್ಲಿ ಕಟ್ಟುತ್ತಾ ಹೋಗುವುದಕ್ಕೆ ಆನ್ಯುಟಿ ಅನ್ನುತ್ತಾರೆ. ಆನ್ಯುಟಿ ಸೂತ್ರಕ್ಕೆ ಒಂದೇ ಒಂದು ಹಟ ಇದೆ: ಕಂತು ಎಷ್ಟು ದಿನಕ್ಕೊಮ್ಮೆಯೋ, ದರವೂ ಅಷ್ಟೇ ದಿನದ್ದಾಗಿರಬೇಕು. ಹಾಗಾಗಿ ಮೂರು ತಿಂಗಳ ದರದಿಂದ ಒಂದು ತಿಂಗಳ ಸಮಾನ ದರವನ್ನು ತೆಗೆಯಬೇಕು. ಮೂರು ತಿಂಗಳ ದರ 6.7 ಭಾಗಿಸು 4, ಅಂದರೆ 1.675%. ಇಲ್ಲಿಯವರೆಗೆ ಭಾಗಾಕಾರ ಸರಿ, ಯಾಕೆಂದರೆ "ವರ್ಷಕ್ಕೆ 6.7%, ತ್ರೈಮಾಸಿಕ ಚಕ್ರಬಡ್ಡಿ" ಅಂತ ಬರೆದಿದ್ದರೆ ಅದರ ಅರ್ಥವೇ ಕ್ವಾರ್ಟರಿಗೆ 1.675% ಅಂತ. ಇಲ್ಲಿಂದ ಮುಂದೆ ಮಾತ್ರ ಭಾಗಾಕಾರ ನಡೆಯುವುದಿಲ್ಲ. ಯಾವ ಸಂಖ್ಯೆಯನ್ನು ಮೂರು ಸಲ ಗುಣಿಸಿದರೆ 1.01675 ಬರುತ್ತದೋ ಅದು ಬೇಕು. ಅಂದರೆ ಘನಮೂಲ.

```
1.01675^(1/3) = 1.00555245
ತಿಂಗಳ ದರ r = 0.555245%
1000 × (1.00555245^60 − 1) / 0.00555245 × 1.00555245 = 71,366
```

ಕೊನೆಯಲ್ಲಿ ಇನ್ನೊಮ್ಮೆ 1.00555245ರಿಂದ ಗುಣಿಸಿದ್ದು ಯಾಕೆ ಅಂದರೆ, ಆರ್‌ಡಿಯಲ್ಲಿ ಕಂತನ್ನು ತಿಂಗಳ ಶುರುವಿನಲ್ಲಿ ಕಟ್ಟಿದ ಲೆಕ್ಕ. ಕೊನೆಯ ಕಂತಿಗೂ ಒಂದು ತಿಂಗಳ ಬಡ್ಡಿ ಸಿಗುತ್ತದೆ. ಅದನ್ನು ಬಿಟ್ಟರೆ 70,972 ಬರುತ್ತದೆ, ಸುಮಾರು 394 ರೂಪಾಯಿ ಕಮ್ಮಿ. ಉತ್ತರ ಇಷ್ಟು ದೊಡ್ಡದಾಗಿ ತಪ್ಪಿದರೆ ದರದ ಮೇಲೆ ಅನುಮಾನ ಪಡಬೇಡಿ, ಮೊದಲು ಈ ಗುಣಾಕಾರ ಮರೆತಿದ್ದೀರಾ ನೋಡಿ.

ಈಗ ಆ 12ರ ವಿಷಯ. ಇದು ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ಬೋರ್ಡಿನ ಮೇಲೆ ಘನಮೂಲ ತೆಗೆದು ತೋರಿಸಿದ ಮಾರನೇ ದಿನವೇ ಅದೇ ಹುಡುಗ 6.7 ಭಾಗಿಸು 12 ಅಂತ ಬರೆದಿರುತ್ತಾನೆ. ಅವನ ತಪ್ಪು ಅಂತ ಪೂರ್ತಿ ಹೇಳಲಾರೆ. ಬಹುಪಾಲು ಜನ ಮೊದಲು ಕಲಿಯುವುದು ಸಾಲದ ಇಎಂಐ ಲೆಕ್ಕ. ಮನೆ ಸಾಲ, ಬೈಕ್ ಸಾಲಗಳಲ್ಲಿ ಬ್ಯಾಂಕು ಸಾಮಾನ್ಯವಾಗಿ ತಿಂಗಳಿಗೊಮ್ಮೆ ಬಡ್ಡಿ ಹಾಕುತ್ತದೆ, ಕಂತೂ ತಿಂಗಳಿಗೊಮ್ಮೆ. ಎರಡೂ ಒಂದೇ ಅಳತೆಯಲ್ಲಿರುವುದರಿಂದ ಅಲ್ಲಿ 12ರಿಂದ ಭಾಗಿಸುವುದೇ ಸರಿ. ಅಲ್ಲಿ ಸರಿ ಇದ್ದದ್ದನ್ನು ಇಲ್ಲಿಗೆ ತಂದು ಹಾಕುತ್ತಾರೆ.

ಹಾಗೆ ತಂದರೆ ಏನಾಗುತ್ತದೆ? 6.7ನ್ನು 12ರಿಂದ ಭಾಗಿಸಿದರೆ 0.558333%. ಇದನ್ನು ಮೂರು ತಿಂಗಳು ಓಡಿಸಿ ನೋಡಿ. 1.00558333ನ್ನು ಮೂರು ಸಲ ಗುಣಿಸಿದರೆ 1.0168437. ಆದರೆ ಅಂಚೆ ಇಲಾಖೆ ಕೊಡುತ್ತೇನೆ ಅಂದಿದ್ದು 1.01675 ಮಾತ್ರ. ಅಂದರೆ ಅವರು ಒಪ್ಪದ ದರವನ್ನು ನೀವು ಅವರ ತಲೆಗೆ ಕಟ್ಟಿದ್ದೀರಿ. ಮೂರು ತಿಂಗಳಿಗೊಮ್ಮೆ ಇದ್ದ ಚಕ್ರಬಡ್ಡಿಯನ್ನು ಸದ್ದಿಲ್ಲದೆ ತಿಂಗಳ ಚಕ್ರಬಡ್ಡಿ ಮಾಡಿದ್ದೀರಿ. ನಿಮ್ಮ 70 ರೂಪಾಯಿ ಹುಟ್ಟಿದ್ದು ಅಲ್ಲೇ.

ಇಷ್ಟು ಹೇಳಿದ ಮೇಲೂ ಜಾಣರು ಒಬ್ಬರು ಎದ್ದು ನಿಲ್ಲುತ್ತಾರೆ. "ಸಾರ್, ಚಕ್ರಬಡ್ಡಿ ಸೇರುವುದೇ ಮೂರು ತಿಂಗಳಿಗೊಮ್ಮೆ ಅಂದರೆ ಮಧ್ಯದ ತಿಂಗಳುಗಳಲ್ಲಿ ಸಾದಾ ಬಡ್ಡಿ ತಾನೇ? ಸಾದಾ ಬಡ್ಡಿಗೆ 12ರಿಂದ ಭಾಗಿಸಬಹುದಲ್ವಾ?" ಒಳ್ಳೆಯ ಪ್ರಶ್ನೆ. ನಿಜ ಹೇಳಬೇಕೆಂದರೆ ಈ ಪ್ರಶ್ನೆ ಕೇಳಿದ ಹುಡುಗನಿಗೆ ವಿಷಯ ಅರ್ಧಕ್ಕಿಂತ ಜಾಸ್ತಿ ಗೊತ್ತಿದೆ ಅಂತ ನನಗೆ ಒಳಗೊಳಗೇ ಖುಷಿ.

ಅವನ ಮಾತನ್ನೇ ಹಿಡಿದು ಲೆಕ್ಕ ಮಾಡೋಣ. ಒಂದು ಕ್ವಾರ್ಟರಿನಲ್ಲಿ ಮೂರು ಕಂತು. ಮೊದಲ ಸಾವಿರಕ್ಕೆ ಮೂರು ತಿಂಗಳ ಸಾದಾ ಬಡ್ಡಿ, ಎರಡನೆಯದಕ್ಕೆ ಎರಡು ತಿಂಗಳದ್ದು, ಮೂರನೆಯದಕ್ಕೆ ಒಂದು ತಿಂಗಳದ್ದು. ಒಟ್ಟು ಆರು ತಿಂಗಳ ಬಡ್ಡಿ, ತಿಂಗಳಿಗೆ 5.58ರ ಹಾಗೆ 33.50 ರೂಪಾಯಿ. ಹಾಗಾಗಿ ಕ್ವಾರ್ಟರಿನ ಕೊನೆಗೆ 3,033.50 ಆಗುತ್ತದೆ. ಇಂಥ 3,033.50 ಇಪ್ಪತ್ತು ಕ್ವಾರ್ಟರ್ ಬರುತ್ತದೆ, ಪ್ರತಿಯೊಂದೂ 1.675%ರಲ್ಲಿ ಬೆಳೆಯುತ್ತದೆ. ಈಗ ಅದು ಕ್ವಾರ್ಟರಿನ ಕೊನೆಯಲ್ಲಿ ಕಟ್ಟುವ ಆನ್ಯುಟಿ ಆಯಿತು.

```
3033.50 × (1.01675^20 − 1) / 0.01675 = 71,367
```

ಘನಮೂಲದ ದಾರಿಯಲ್ಲಿ 71,366, ಈ ದಾರಿಯಲ್ಲಿ 71,367. ಐದು ವರ್ಷಕ್ಕೆ ಒಂದೂವರೆ ರೂಪಾಯಿಯ ವ್ಯತ್ಯಾಸ, ಅಷ್ಟೇ. ಅಂದರೆ ಹುಡುಗನ ಸಾದಾ ಬಡ್ಡಿ ತಪ್ಪಲ್ಲ, ಕ್ವಾರ್ಟರಿನ ಒಳಗೆ 12ರಿಂದ ಭಾಗಿಸಿದ್ದೂ ತಪ್ಪಲ್ಲ. ತಪ್ಪು ಆಗುವುದು ಆ 0.558333ನ್ನು 60ರ ಘಾತಕ್ಕೆ ಏರಿಸಿದಾಗ. ಘಾತ ಹಾಕಿದಿರಿ ಅಂದರೆ ಪ್ರತಿ ತಿಂಗಳೂ ಬಡ್ಡಿಯ ಮೇಲೆ ಬಡ್ಡಿ ಹಾಕಿದಿರಿ ಅಂತಲೇ ಅರ್ಥ. ಸಾದಾ ಬಡ್ಡಿ ಅಂತ ವಾದ ಮಾಡಿ, ಚಕ್ರಬಡ್ಡಿಯ ಸೂತ್ರಕ್ಕೆ ಹಾಕಿದರೆ ಹೇಗೆ?

"70 ರೂಪಾಯಿಗೆ ಇಷ್ಟೆಲ್ಲ ಗಲಾಟೆಯಾ ಮೇಷ್ಟ್ರೇ" ಅನ್ನುವವರಿಗೆ ಇನ್ನೊಂದು ಲೆಕ್ಕ. ಪುಸ್ತಕದಲ್ಲಿ ಬರುವಂಥದ್ದು: ತಿಂಗಳಿಗೆ 5,000, ವರ್ಷಕ್ಕೆ 12%, ತ್ರೈಮಾಸಿಕ ಚಕ್ರಬಡ್ಡಿ, 15 ವರ್ಷ, ಕಂತು ತಿಂಗಳ ಶುರುವಿನಲ್ಲಿ. ಸರಿಯಾದ ತಿಂಗಳ ದರ 1.03ರ ಘನಮೂಲದಿಂದ ಬರುವ 0.990163%. ಅದರ ಬದಲು ಸುಮ್ನೆ 1% ಹಾಕಿದರೆ ಉತ್ತರ ಸುಮಾರು 28,300 ರೂಪಾಯಿ ಜಾಸ್ತಿ ಬರುತ್ತದೆ. ದರ ಏರಿದಷ್ಟೂ, ವರ್ಷ ಉದ್ದವಾದಷ್ಟೂ ತಪ್ಪು ದಪ್ಪ ಆಗುತ್ತಾ ಹೋಗುತ್ತದೆ.

ತಮಾಷೆ ಏನು ಗೊತ್ತಾ? ಘನಮೂಲವನ್ನು ಶ್ರದ್ಧೆಯಿಂದ ತೆಗೆದು, ಆಮೇಲೆ 0.555245ನ್ನು "ಸರ್, ರೌಂಡ್ ಮಾಡಿದೆ" ಅಂತ 0.56 ಮಾಡುವವರಿದ್ದಾರೆ. ಅವರಿಗೆ 71,474 ಬರುತ್ತದೆ, ಅಂದರೆ 108 ರೂಪಾಯಿ ಜಾಸ್ತಿ. 12ರಿಂದ ಭಾಗಿಸಿದವನಿಗಿಂತ ದೊಡ್ಡ ತಪ್ಪು! ದರವನ್ನು ಕ್ಯಾಲ್ಕುಲೇಟರಿನಲ್ಲೇ ಬಿಡಿ, ಕೊನೆಯ ಉತ್ತರವನ್ನು ಮಾತ್ರ ರೌಂಡ್ ಮಾಡಿ. ಕಂಪ್ಯೂಟರ್ ಇದ್ದರೆ ಎಕ್ಸೆಲ್‌ನಲ್ಲಿ ಒಂದೇ ಸಾಲು ಸಾಕು, ಕೊನೆಯ 1 ಅನ್ನುವುದು ಕಂತು ಶುರುವಿನಲ್ಲಿ ಅನ್ನುವುದಕ್ಕೆ:

```
=FV((1+6.7%/4)^(1/3)-1, 60, -1000, 0, 1)
```

ಅಂಗಡಿ ಕ್ಯಾಲ್ಕುಲೇಟರ್ ಮಾತ್ರ ಇದ್ದರೂ ದಾರಿ ಇದೆ. 1.01675 ಒತ್ತಿ, ವರ್ಗಮೂಲದ ಗುಂಡಿಯನ್ನು 12 ಸಲ ಒತ್ತಿ. 1 ಕಳೆಯಿರಿ, 3ರಿಂದ ಭಾಗಿಸಿ, 1 ಕೂಡಿಸಿ. ಆಮೇಲೆ ಗುಣಾಕಾರದ ಗುಂಡಿ, ಸಮ ಚಿಹ್ನೆಯ ಗುಂಡಿ, ಈ ಜೋಡಿಯನ್ನು 12 ಸಲ ಒತ್ತಿ. 12 ಅಂಕಿಯ ಕ್ಯಾಲ್ಕುಲೇಟರ್ ಆದರೆ 1.00555 ಅಂತ ಚೆನ್ನಾಗಿಯೇ ಬರುತ್ತದೆ. ಒತ್ತಿದ್ದು 11 ಸಲವೋ 12 ಸಲವೋ ಅಂತ ಅನುಮಾನ ಬಂದರೆ, ಬಂದ ಉತ್ತರವನ್ನು ಮೂರು ಸಲ ಗುಣಿಸಿ 1.01675 ವಾಪಸ್ ಬರುತ್ತದಾ ನೋಡಿ. ಬರದಿದ್ದರೆ ಮತ್ತೆ ಮೊದಲಿಂದ.

ಈ ಲೆಕ್ಕ ಎಲ್ಲ ಕಂತುಗಳನ್ನೂ ಗಡುವಿನೊಳಗೆ ಕಟ್ಟಿದವರಿಗೆ. ಪೋಸ್ಟ್ ಆಫೀಸಿನಲ್ಲಿ ಖಾತೆಯನ್ನು 15ನೇ ತಾರೀಖಿನ ಒಳಗೆ ತೆರೆದಿದ್ದರೆ ಪ್ರತಿ ತಿಂಗಳೂ 15ರ ಒಳಗೆ ಕಟ್ಟಬೇಕು, ಆಮೇಲೆ ತೆರೆದಿದ್ದರೆ ತಿಂಗಳ ಕೊನೆಯ ಕೆಲಸದ ದಿನದವರೆಗೆ ಸಮಯ. ತಪ್ಪಿದ ಕಂತಿಗೆ ನೂರಕ್ಕೆ ಒಂದು ರೂಪಾಯಿ ದಂಡ. ಕಬ್ಬಿನ ಬಿಲ್ ತಡವಾಗಿ ಮೂರ್ನಾಲ್ಕು ಕಂತು ತಪ್ಪಿಸಿದವರು ನನ್ನ 71,366ನ್ನು ಹಿಡಿದುಕೊಂಡು ಕೌಂಟರಿಗೆ ಹೋಗಬೇಡಿ.

ಇದರ ಜೊತೆಗೆ ಯಾರೂ ನೇರವಾಗಿ ಕೇಳದ, ಆದರೆ ಬಹಳ ಜನರ ಮನಸ್ಸಲ್ಲಿ ಕೊರೆಯುವ ಒಂದು ಲೆಕ್ಕ ಇದೆ. ಕಟ್ಟಿದ್ದು 60,000. ವರ್ಷಕ್ಕೆ 6.7% ಅಂದರೆ 4,020, ಐದು ವರ್ಷಕ್ಕೆ 20,100 ಬರಬೇಕಲ್ಲ, ಬರೀ 11,366 ಬಂತು, ಮಿಕ್ಕಿದ್ದನ್ನು ಯಾರು ನುಂಗಿದರು ಅಂತ. ಯಾರೂ ನುಂಗಿಲ್ಲ. ನೀವು ಮೊದಲ ದಿನವೇ 60,000 ಇಟ್ಟಿಲ್ಲವಲ್ಲ. ಮೊದಲ ಸಾವಿರ 60 ತಿಂಗಳು ಅಲ್ಲಿತ್ತು, ಕೊನೆಯದು ಒಂದೇ ತಿಂಗಳು. ಸರಾಸರಿ ನೋಡಿದರೆ ಒಂದೊಂದು ಸಾವಿರ ಅಲ್ಲಿ ಇದ್ದದ್ದು ಮೂವತ್ತೂವರೆ ತಿಂಗಳು. ಬರೀ ಸಾದಾ ಬಡ್ಡಿ ಹಾಕಿದರೆ 60,000ಕ್ಕೆ ಮೂವತ್ತೂವರೆ ತಿಂಗಳಿಗೆ 10,217.50 ಬರುತ್ತದೆ. ಅದರ ಮೇಲಿನ ಸುಮಾರು 1,148 ರೂಪಾಯಿಯೇ ಐದು ವರ್ಷದ ಚಕ್ರಬಡ್ಡಿಯ ಪಾಲು.